ಬುಕ್ ಮಾಡಿದ್ದು ಬಾಟಲ್ ಗ್ರೀನ್, ಬಂದದ್ದು ರಾಮಾ ಗ್ರೀನ್: ವಾಪಸ್ ಕಳಿಸುವಾಗ ಒತ್ತುವ ಆ ಒಂದು ‘ಕಾರಣ’

ತಿಪಟೂರಿನಲ್ಲಿರುವ ನಮ್ಮ ಅತ್ತಿಗೆ ವರಮಹಾಲಕ್ಷ್ಮಿ ಹಬ್ಬಕ್ಕೆಂದು ಒಂದು ಶಾಪಿಂಗ್ ಆ್ಯಪ್‌ನಲ್ಲಿ ಸೀರೆ ಬುಕ್ ಮಾಡಿದ್ದರು. ಬೆಲೆ ₹1,849. ಫೋಟೋದಲ್ಲಿ ಕಂಡದ್ದು ಬಾಟಲ್ ಗ್ರೀನ್, ಕೆಳಗೆ ಬರೆದಿದ್ದದ್ದೂ ಬಾಟಲ್ ಗ್ರೀನ್. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಪಾರ್ಸೆಲ್ ಬಂತು. ಬಿಚ್ಚಿ ನೋಡಿದರೆ ರಾಮಾ ಗ್ರೀನ್. ಅಂಚು ಅದೇ, ಸೆರಗೂ ಅದೇ, ಒಡಲಿನ ಬಣ್ಣ ಮಾತ್ರ ಬೇರೆ.

ಅತ್ತಿಗೆ ಆ್ಯಪ್ ತೆರೆದು ‘ವಾಪಸ್’ ಒತ್ತಿದರು. ಕಾರಣ ಕೇಳಿತು. ಪಟ್ಟಿಯಲ್ಲಿ ಮೊದಲು ಕಂಡದ್ದು ‘ಬಣ್ಣ ಇಷ್ಟವಾಗಲಿಲ್ಲ’. ಬಣ್ಣದ್ದೇ ತಕರಾರು ತಾನೆ ಎಂದುಕೊಂಡು ಅದನ್ನೇ ಒತ್ತಿದರು. ಎರಡು ದಿನ ಬಿಟ್ಟು ಪಿಕಪ್ ಹುಡುಗ ಬಂದ. ಮೊಬೈಲ್‌ನಲ್ಲಿದ್ದ ಫೋಟೋ ನೋಡಿದ, ಸೀರೆ ನೋಡಿದ. “ಮೇಡಂ, ಇದ್ರಲ್ಲಿ ಇರೋ ಬಣ್ಣವೇ ಬೇರೆ, ನೀವು ಕೊಡ್ತಿರೋದೇ ಬೇರೆ. ತಗೊಳ್ಳೋಕೆ ಬರಲ್ಲ” ಎಂದು ಹೇಳಿ ಹೊರಟುಹೋದ. ಸ್ವಲ್ಪ ಹೊತ್ತಿಗೆ ಮೆಸೇಜ್ ಬಂತು: ವಸ್ತು ಹೊಂದಿಕೆಯಾಗದ ಕಾರಣ ನಿಮ್ಮ ರಿಟರ್ನ್ ರದ್ದಾಗಿದೆ.

ಆ ಹುಡುಗನದ್ದು ತಪ್ಪಿಲ್ಲ. ಅವನ ಕೆಲಸವೇ ಅದು. ‘ಇಷ್ಟವಾಗಲಿಲ್ಲ’, ‘ಸೈಜ್ ಆಗಲಿಲ್ಲ’ ಅಂತ ನಾವು ಒತ್ತಿದಾಗ, ಕಳಿಸಿದ ವಸ್ತು ಸರಿಯಾಗಿಯೇ ಇತ್ತು, ನಮಗೆ ಬೇಡವಾಯಿತು ಎಂದು ನಾವೇ ಒಪ್ಪಿಕೊಂಡಂತಾಗುತ್ತದೆ. ಆಗ ಪಿಕಪ್‌ಗೆ ಬರುವವರು ನೋಡುವುದು ಒಂದೇ: ಆ್ಯಪ್‌ನಲ್ಲಿರುವ ಚಿತ್ರಕ್ಕೆ ಈ ವಸ್ತು ಹೊಂದುತ್ತದೆಯೇ? ಹೊಂದದಿದ್ದರೆ ಗ್ರಾಹಕರು ಹಳೆಯದನ್ನೋ ಬೇರೆಯದನ್ನೋ ಕೊಡುತ್ತಿದ್ದಾರೆ ಎಂಬ ಅನುಮಾನ. ಬೇರೆ ಬಣ್ಣವೇ ಬಂದಿರುವಾಗ ಅದು ಹೊಂದುವುದಾದರೂ ಹೇಗೆ? ಅಂಗಡಿಯವರ ತಪ್ಪು ನಮ್ಮ ಕುತ್ತಿಗೆಗೆ ಬೀಳುವುದು ಇಲ್ಲಿಯೇ.

ಒತ್ತಬೇಕಾಗಿದ್ದ ಕಾರಣ ‘ಬೇರೆ ವಸ್ತು ಬಂದಿದೆ’. ಬಹುತೇಕ ಆ್ಯಪ್‌ಗಳಲ್ಲಿ ಇದು ‘ರಾಂಗ್ ಐಟಂ’ ಎಂಬ ಹೆಸರಿನಲ್ಲಿ ಇರುತ್ತದೆ, ಪಟ್ಟಿಯ ಕೆಳಗೆಲ್ಲೋ ಇರುತ್ತದೆ. ಅದನ್ನು ಒತ್ತಿದರೆ ಸಾಮಾನ್ಯವಾಗಿ ಫೋಟೋ ಕೇಳುತ್ತದೆ. ಆ ಫೋಟೋ ದಾಖಲೆಗೆ ಸೇರಿದ ಮೇಲೆ, ಪಿಕಪ್‌ಗೆ ಬರುವವರಿಗೆ ಬೇರೆ ಬಣ್ಣದ ಸೀರೆಯೇ ಸಿಗುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಫೋಟೋ ಹಾಕುವುದು ರಗಳೆ ಅಂತ ಸುಮ್ನೆ ಸುಲಭದ ಕಾರಣ ಒತ್ತುವವರು ತುಂಬಾ ಜನ. ಹಣ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಕಾನೂನು ಹಿಡಿಯುವುದು ಯಾವುದನ್ನು?

ಬಂದ ವಸ್ತು ಬೇಡ ಅನ್ನಿಸಲು ಮೂರು ಸಂದರ್ಭಗಳಿವೆ, ಮೂರೂ ಒಂದೇ ಅಲ್ಲ. ತೋರಿಸಿದ್ದೊಂದು, ಕಳಿಸಿದ್ದೊಂದು ಆಗಿರಬಹುದು. ಚೀಟಿಯಲ್ಲಿ ಸರಿಯಾದ ಸೈಜೇ ಇದ್ದರೂ ಬಟ್ಟೆಯ ಅಳತೆ ಲಿಸ್ಟಿಂಗ್‌ನ, ಅಂದರೆ ಆ್ಯಪ್‌ನಲ್ಲಿ ಆ ವಸ್ತುವಿನ ಫೋಟೋ-ವಿವರ ಇರುವ ಪುಟದ, ಅಳತೆಗೆ ಕೂಡದೆ ಇರಬಹುದು. ಅಥವಾ ತೋರಿಸಿದ್ದೇ ಬಂದಿದೆ, ಉಟ್ಟು ನೋಡಿದರೆ ನಮಗೆ ಒಪ್ಪುತ್ತಿಲ್ಲ. ಮೂರನೆಯದಕ್ಕೆ ಆ ಅಂಗಡಿಯ ರಿಟರ್ನ್ ನಿಯಮವೇ ಗತಿ. ಅವರು ಏಳು ದಿನ ಎಂದರೆ ಏಳು ದಿನ, ವಾಪಸ್ ಇಲ್ಲ ಎಂದರೆ ಇಲ್ಲ. ಮೊದಲ ಎರಡಕ್ಕೆ ಹಾಗಲ್ಲ. ಅಲ್ಲಿ ಕಾನೂನು ನಮ್ಮ ಜೊತೆಗಿದೆ.

2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಕೆಳಗೆ 2020ರ ಜುಲೈನಲ್ಲಿ ಇ-ಕಾಮರ್ಸ್ ನಿಯಮಗಳು ಬಂದವು. ಅದರ 6ನೇ ನಿಯಮ ಆ್ಯಪ್‌ಗಳ ಮೂಲಕ ಮಾರುವವರಿಗೆ ಹೇಳುವುದು ಇಷ್ಟು: ಜಾಹೀರಾತಿನಲ್ಲಿ ತೋರಿಸಿದ ಅಥವಾ ಒಪ್ಪಿಕೊಂಡ ಗುಣಲಕ್ಷಣ ವಸ್ತುವಿನಲ್ಲಿ ಇಲ್ಲದಿದ್ದರೆ ಅದನ್ನು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ, ಹಣ ಕೊಡಲೂ ನಿರಾಕರಿಸುವಂತಿಲ್ಲ. ಬಣ್ಣ ಮತ್ತು ಸೈಜ್ ಬಟ್ಟೆಯ ಗುಣಲಕ್ಷಣಗಳೇ ಅಲ್ವಾ? ಸ್ವಂತ ದಾಸ್ತಾನು ಇಟ್ಟುಕೊಂಡು ತಾವೇ ಮಾರುವ ಕಂಪನಿಗಳಿಗೆ 7ನೇ ನಿಯಮದಲ್ಲಿ ಇದೇ ಮಾತಿದೆ.

ಹಾಗಾಗಿ ಆಫರ್ ಸೀರೆಯ ಕೆಳಗೆ ‘ವಾಪಸ್ ಇಲ್ಲ, ಬದಲಾವಣೆ ಇಲ್ಲ’ ಎಂದು ಬರೆದಿದ್ದರೆ ಗಾಬರಿ ಬೇಡ. ಆ ಸಾಲು ಮನಸ್ಸು ಬದಲಾಯಿಸಿದ ಗ್ರಾಹಕರಿಗೆ ಅನ್ವಯಿಸಬಹುದು. ಮಾರುವವರೇ ಬೇರೆ ಬಣ್ಣ ಕಳಿಸಿದಾಗ ಅದರ ಹಿಂದೆ ಅವಿತುಕೊಳ್ಳಲು ಆಗುವುದಿಲ್ಲ. ಒಳಉಡುಪಿನಂಥ ವಸ್ತುಗಳಿಗೆ ಶುಚಿತ್ವದ ಕಾರಣ ಕೊಟ್ಟು ರಿಟರ್ನ್ ಇಡುವುದಿಲ್ಲ. ಆದರೂ 90 ಸೈಜ್ ಕೇಳಿದವರಿಗೆ 80 ಕಳಿಸಿದ್ದರೆ ಇದೇ ನಿಯಮ ಅನ್ವಯಿಸುತ್ತದೆ.

ಮಿತಿಯನ್ನೂ ಹೇಳಬೇಕು. ‘ಬಣ್ಣ ಯಾವುದಾದರೂ ಬರಬಹುದು’ ಎಂದು ಲಿಸ್ಟಿಂಗ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದು, ನಾವು ಅದನ್ನು ನೋಡಿಯೇ ಕೊಂಡಿದ್ದರೆ ತಕರಾರು ನಿಲ್ಲುವುದು ಕಷ್ಟ. ‘ಫೋಟೋದ ಬೆಳಕಿನಿಂದ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಇರಬಹುದು’ ಎಂಬ ಸಾಲು ಮಾತ್ರ ಬೇರೆ. ಇದು ಎಲ್ಲ ಕಡೆಯೂ ಇರುತ್ತದೆ, ಅದರಲ್ಲಿ ನ್ಯಾಯವೂ ಇದೆ. ಸ್ಟುಡಿಯೋ ದೀಪದಲ್ಲಿ ತೆಗೆದ ಚಿತ್ರ ನಮ್ಮ ಮೊಬೈಲ್ ಪರದೆಯಲ್ಲಿ ಸ್ವಲ್ಪ ತಿಳಿಯಾಗಿಯೋ ಗಾಢವಾಗಿಯೋ ಕಾಣುತ್ತದೆ. ಬಣ್ಣ ಹಾಕುವಾಗ ಒಂದು ಬ್ಯಾಚ್‌ಗೂ ಇನ್ನೊಂದಕ್ಕೂ ತುಸು ವ್ಯತ್ಯಾಸ ಬರುವುದೂ ಉಂಟು. ಆದರೆ ಆ ಸಾಲು ಒಂದೇ ಬಣ್ಣದ ಛಾಯೆಯ ಬಗ್ಗೆ ಇರುವಂಥದ್ದು. ಮರೂನ್ ಕೇಳಿದವರಿಗೆ ಮೆಜೆಂತಾ ಕಳಿಸಲು ಅದು ಪರವಾನಗಿ ಕೊಡುವುದಿಲ್ಲ.

ನಮ್ಮ ಅತ್ತಿಗೆಯ ವಿಷಯದಲ್ಲಿ ಜಗಳ ಬಂದದ್ದು ಸರಿಯಾಗಿ ಈ ಗೆರೆಯ ಮೇಲೆಯೇ. ಎರಡೂ ಹಸಿರು. ಕಸ್ಟಮರ್ ಕೇರ್‌ನವರು “ಅದು ಲೈಟಿಂಗ್ ವ್ಯತ್ಯಾಸ ಮೇಡಂ” ಎಂದುಬಿಟ್ಟರು. ಅತ್ತಿಗೆಗೆ ಅದು ಬೇರೆ ಬಣ್ಣ ಎನ್ನುವುದು ಕಣ್ಣಿಗೇ ಕಾಣುತ್ತದೆ. ಫೋನಿನ ಆ ಕಡೆ ಇರುವವರಿಗೆ ಅದನ್ನು ತೋರಿಸುವುದು ಹೇಗೆ?

ಚೀಟಿಯಲ್ಲಿದ್ದ ಮೂರು ಅಕ್ಷರ

ಸಂಜೆ ಅತ್ತಿಗೆ ನನಗೆ ವಿಡಿಯೋ ಕಾಲ್ ಮಾಡಿದರು. ಸೀರೆಯ ಮೂಲೆಯಲ್ಲಿ ಪಿನ್ ಹಾಕಿದ್ದ ಚೀಟಿ ತೋರಿಸಿ ಅಂದೆ. ಅದರಲ್ಲಿ ಬಾರ್‌ಕೋಡ್ ಕೆಳಗೆ ಸಣ್ಣಕ್ಷರದಲ್ಲಿ ಹೀಗಿತ್ತು: SS214-RMG. ಆ್ಯಪ್‌ನಿಂದ ಬಿಲ್ ಡೌನ್‌ಲೋಡ್ ಮಾಡಿ ನೋಡಿದೆವು. ವಸ್ತುವಿನ ಹೆಸರಿನ ಕೆಳಗೆ SS214-BTG ಎಂದಿತ್ತು.

ಇದನ್ನು ಎಸ್‌ಕೆಯು ಕೋಡ್ ಎನ್ನುತ್ತಾರೆ. ಮಾರುವವರು ತಮ್ಮ ಗೋಡೌನ್‌ನಲ್ಲಿ ವಸ್ತುಗಳನ್ನು ಗುರುತಿಸಲು ಇಟ್ಟುಕೊಂಡ ಗುಟ್ಟಿನ ಹೆಸರು ಅದು. ಒಂದೊಂದು ಅಂಗಡಿಯದು ಒಂದೊಂದು ರೀತಿ. ಆದರೆ ಮೊದಲು ಡಿಸೈನ್ ನಂಬರ್, ಆಮೇಲೆ ಬಣ್ಣ, ಕೊನೆಗೆ ಸೈಜ್ ಬರೆಯುವ ರೂಢಿ ಬಟ್ಟೆ ವ್ಯಾಪಾರದಲ್ಲಿ ತುಂಬಾ ಇದೆ. BTG ಅಂದರೆ ಬಾಟಲ್ ಗ್ರೀನ್, RMG ಅಂದರೆ ರಾಮಾ ಗ್ರೀನ್. ಅವರೇ ಇಟ್ಟ ಎರಡು ಹೆಸರು, ಎರಡು ಬೇರೆ ಸೀರೆ. ಗೋಡೌನ್‌ನಲ್ಲಿ ಕೈ ಪಕ್ಕದ ಕಪಾಟಿಗೆ ಹೋಗಿದೆ. ಇನ್ನು ಬೆಳಕಿನ ಮಾತು ಎಲ್ಲಿಂದ ಬಂತು?

ಬಣ್ಣದ ತಕರಾರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ. ಆದ್ದರಿಂದ ಪಾರ್ಸೆಲ್ ಬಂದ ತಕ್ಷಣ ಚೀಟಿಯ ಕೋಡ್ ಮತ್ತು ಬಿಲ್‌ನ ಕೋಡ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಆಗಿದ್ದರೆ ತಪ್ಪು ಲಿಸ್ಟಿಂಗ್‌ನಲ್ಲಿದೆ. ಅಂದರೆ ಅವರು ಹಾಕಿದ ಫೋಟೋ ಅಥವಾ ಬಣ್ಣದ ಹೆಸರೇ ಸರಿಯಿಲ್ಲ. ಆಗ ಲಿಸ್ಟಿಂಗ್‌ನ ಸ್ಕ್ರೀನ್‌ಶಾಟ್ ಮುಖ್ಯವಾಗುತ್ತದೆ. ಫೋಟೋ, ಬಣ್ಣದ ಹೆಸರು, ಸೈಜ್ ಚಾರ್ಟ್, ದಿನಾಂಕ ಎಲ್ಲ ಕಾಣುವಂತೆ ಅವತ್ತೇ ತೆಗೆದಿಡಿ. ತಕರಾರು ಬಂದ ಮೇಲೆ ಲಿಸ್ಟಿಂಗ್ ಬದಲಾಗಬಹುದು, ಮಾಯವೂ ಆಗಬಹುದು.

ಬಣ್ಣದ ಫೋಟೋ ತೆಗೆಯುವುದಕ್ಕೂ ಒಂದು ಕ್ರಮವಿದೆ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋ ಯಾರನ್ನೂ ಒಪ್ಪಿಸುವುದಿಲ್ಲ. ಹಗಲಲ್ಲಿ ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಬಟ್ಟೆ ಹರಡಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಡಿ. ಹಾಳೆ ಫೋಟೋದಲ್ಲಿ ಬೆಳ್ಳಗೇ ಕಂಡರೆ ಬಟ್ಟೆಯ ಬಣ್ಣವೂ ಹೆಚ್ಚುಕಡಿಮೆ ನಿಜವಾದದ್ದೇ ಎಂದು ನೋಡುವವರಿಗೆ ಗೊತ್ತಾಗುತ್ತದೆ. ಹಾಳೆ ಹಳದಿ ತಿರುಗಿದ್ದರೆ ಬೆಳಕು ಸರಿಯಿಲ್ಲ, ಇನ್ನೊಮ್ಮೆ ತೆಗೆಯಿರಿ. ಅದೇ ಚೌಕಟ್ಟಿನಲ್ಲಿ ಚೀಟಿಯೂ ಕಾಣಲಿ. ಫಿಲ್ಟರ್ ಬೇಡವೇ ಬೇಡ.

ಪಾರ್ಸೆಲ್ ಬಿಚ್ಚುವ ವಿಡಿಯೋ ಇಲ್ಲದಿದ್ದರೆ ದೂರನ್ನೇ ಕೇಳುವುದಿಲ್ಲ ಎಂದು ಕೆಲವು ಮಾರಾಟಗಾರರು ಬರೆದಿರುತ್ತಾರೆ. ವಿಡಿಯೋ ಇದ್ದರೆ ಒಳ್ಳೆಯದು, ನಾನೂ ತೆಗೆಯಿರಿ ಎಂದೇ ಹೇಳುತ್ತೇನೆ. ಸೀಲ್ ಒಡೆಯುವ ಮುಂಚೆ ಪ್ಯಾಕೆಟ್‌ನ ಮೇಲಿನ ಕೊರಿಯರ್ ನಂಬರ್ ತೋರಿಸಿ, ಎಲ್ಲ ಬದಿ ತಿರುಗಿಸಿ, ನಡುವೆ ನಿಲ್ಲಿಸದೆ ಚೀಟಿ ಕಾಣುವ ತನಕ ತೆಗೆದರೆ ಸಾಕು. ಆದರೆ ಅದು ಕಾನೂನಿನ ಷರತ್ತಲ್ಲ. ಅತ್ತಿಗೆಯ ಹತ್ತಿರ ವಿಡಿಯೋ ಇರಲಿಲ್ಲ. ಚೀಟಿ, ಬಿಲ್, ಫೋಟೋ ಇಷ್ಟರಲ್ಲೇ ಕೆಲಸ ಆಯಿತು.

ಇನ್ನೊಂದು ವಿಷಯ, ಸೀರೆ ಕೊಳ್ಳುವವರಿಗೆ ಮಾತ್ರ. ಬಣ್ಣದ ಬಗ್ಗೆ ಅನುಮಾನ ಇದ್ದರೆ ಫಾಲ್ ಹಾಕಿಸಲು ಕೊಡಬೇಡಿ, ಬ್ಲೌಸ್ ಪೀಸ್ ಕತ್ತರಿಸಬೇಡಿ. ಹಬ್ಬ ಹತ್ತಿರ ಬಂದಿದೆ, ಟೈಲರ್ ಹತ್ತಿರ ರಶ್ ಇದೆ ಅಂತ ಪಾರ್ಸೆಲ್ ಬಂದ ದಿನವೇ ಕೊಟ್ಟುಬಿಡುತ್ತೇವೆ. 1930ರ ಸರಕು ಮಾರಾಟ ಕಾಯ್ದೆಯ 42ನೇ ಕಲಂ ಪ್ರಕಾರ, ಕೊಂಡವರು ವಸ್ತುವನ್ನು ತಮ್ಮದೇ ಎನ್ನುವಂತೆ ಬಳಸಿಬಿಟ್ಟರೆ ಅಥವಾ ಬೇಡ ಎಂದು ತಿಳಿಸದೆ ತುಂಬಾ ದಿನ ಇಟ್ಟುಕೊಂಡರೆ ಅದನ್ನು ಒಪ್ಪಿಕೊಂಡಂತೆಯೇ. ಕತ್ತರಿ ಬಿದ್ದ ಬ್ಲೌಸ್ ಪೀಸ್, ಒಗೆದ ಶರ್ಟ್, ಕಿತ್ತ ಚೀಟಿ ಎಲ್ಲವೂ ನಮ್ಮ ವಿರುದ್ಧ ಮಾತಾಡುತ್ತವೆ.

ಸೈಜಿನ ಜಗಳಕ್ಕೆ ಟೇಪು

ಬಣ್ಣದ ವಿಷಯದಲ್ಲಿ ಕಣ್ಣು ನೋಡಿ ಹೇಳುತ್ತದೆ. ಸೈಜಿನಲ್ಲಿ ಹಾಗಲ್ಲ. ಎಂ ಬುಕ್ ಮಾಡಿದವರಿಗೆ ಎಸ್ ಬಂದರೆ ಕಷ್ಟವಿಲ್ಲ, ಚೀಟಿಯೇ ಹೇಳುತ್ತದೆ. ಕಷ್ಟ ಇರುವುದು ಚೀಟಿಯಲ್ಲಿ ಎಕ್ಸ್ಎಲ್ ಎಂದೇ ಬರೆದಿದ್ದು, ಬಟ್ಟೆ ಬಿಗಿಯಾದಾಗ. ನಮ್ಮ ದೇಶದಲ್ಲಿ ಎಲ್ಲ ಬ್ರ್ಯಾಂಡ್‌ಗಳೂ ಪಾಲಿಸುವ ಒಂದೇ ಸೈಜ್ ಅಳತೆ ಇಲ್ಲ. ಒಬ್ಬರ ಎಲ್ ಇನ್ನೊಬ್ಬರ ಎಂ. ಆದ್ದರಿಂದ “ನಾನು ಯಾವಾಗಲೂ ಎಕ್ಸ್ಎಲ್ ಹಾಕುತ್ತೇನೆ, ಇದು ಆಗುತ್ತಿಲ್ಲ” ಎಂಬ ದೂರಿಗೆ ಬಲವಿಲ್ಲ. ಬಲ ಇರುವುದು ಲಿಸ್ಟಿಂಗ್‌ನ ಸೈಜ್ ಚಾರ್ಟ್‌ಗೆ. ಅದು ಅವರೇ ಬರೆದುಕೊಟ್ಟ ಮಾತು.

ಚಾರ್ಟ್ ಓದುವಲ್ಲಿ ಒಂದು ಎಡವಟ್ಟು ಆಗುತ್ತದೆ. ಕೆಲವು ಚಾರ್ಟ್‌ಗಳು ಮೈ ಅಳತೆ ಕೊಡುತ್ತವೆ, ಕೆಲವು ಬಟ್ಟೆಯ ಅಳತೆ ಕೊಡುತ್ತವೆ. ಎದೆ 42 ಇಂಚು ಇರುವವರ ಶರ್ಟ್ 42 ಇಂಚೇ ಇದ್ದರೆ ಗುಂಡಿ ಹಾಕಲು ಆಗುವುದಿಲ್ಲ. ಉಸಿರಾಡಲು, ಕೈ ಎತ್ತಲು ಜಾಗ ಬೇಕು. ಅದಕ್ಕೆ ಟೈಲರ್‌ಗಳು ‘ಲೂಸ್’ ಬಿಡುವುದು ಎನ್ನುತ್ತಾರೆ. ಮಾಮೂಲಿ ಶರ್ಟ್‌ಗೆ ನಾಲ್ಕು ಇಂಚಿನ ಆಸುಪಾಸು ಬಿಡುತ್ತಾರೆ. ಹಾಗಾಗಿ ಚಾರ್ಟ್‌ನಲ್ಲಿ ಮೈ ಅಳತೆ 42 ಎಂದಿದ್ದು, ಬಟ್ಟೆ 46 ಇದ್ದರೆ ಅದು ಸರಿಯಾದ ಶರ್ಟೇ. ದೂರು ಕೊಡುವ ಮೊದಲು ಚಾರ್ಟ್ ಯಾವುದನ್ನು ಹೇಳುತ್ತಿದೆ ಎಂದು ನೋಡಿಕೊಳ್ಳಬೇಕು.

ನಮ್ಮ ಅಪ್ಪನಿಗೆ ತರಿಸಿದ 42ರ ಶರ್ಟ್ ಹೊಟ್ಟೆಯ ಹತ್ತಿರ ಹಿಡಿಯುತ್ತಿತ್ತು. ಅಪ್ಪ ತಾವೇ ದಪ್ಪ ಆಗಿದ್ದೇವೆ ಎಂದುಕೊಂಡು ಸುಮ್ಮನಾಗುವವರಿದ್ದರು. ಚಾರ್ಟ್ ತೆಗೆದು ನೋಡಿದೆ. ‘ಬಟ್ಟೆಯ ಅಳತೆ, ಎದೆ 46 ಇಂಚು’ ಎಂದು ಸ್ಪಷ್ಟವಾಗಿತ್ತು. ಶರ್ಟಿನ ಗುಂಡಿ ಎಲ್ಲ ಹಾಕಿ, ಮೇಜಿನ ಮೇಲೆ ಸುಕ್ಕಿಲ್ಲದಂತೆ ಹರಡಿ, ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದು ಕಂಕುಳಿನ ಹೊಲಿಗೆಗೆ ಟೇಪು ಹಿಡಿದೆ. ಇಪ್ಪತ್ತೊಂದೂವರೆ ಇಂಚು ಬಂತು. ಎರಡರಷ್ಟು ಮಾಡಿದರೆ 43. ಹೇಳಿದ್ದಕ್ಕಿಂತ ಮೂರು ಇಂಚು ಕಡಿಮೆ. ಅರ್ಧ ಇಂಚು, ಮುಕ್ಕಾಲು ಇಂಚು ಹೊಲಿಗೆಯಲ್ಲಿ ಹೆಚ್ಚುಕಡಿಮೆ ಆಗುತ್ತದೆ, ಅದಕ್ಕೆ ಜಗಳ ಆಡಿ ಫಲವಿಲ್ಲ. ಮೂರು ಇಂಚು ಅಂದರೆ ಹತ್ತಿರ ಹತ್ತಿರ ಒಂದೂವರೆ ಸೈಜ್ ಕಡಿಮೆ. ಟೇಪಿನ ಸೊನ್ನೆ ತುದಿಯ ಒಂದು ಫೋಟೋ, ಇಪ್ಪತ್ತೊಂದೂವರೆ ಕಾಣುವಂತೆ ಒಂದು, ಇಡೀ ಶರ್ಟ್ ಮತ್ತು ಚೀಟಿ ಕಾಣುವಂತೆ ಇನ್ನೊಂದು. ಜೊತೆಗೆ ಚಾರ್ಟ್‌ನ ಸ್ಕ್ರೀನ್‌ಶಾಟ್. ದೂರಿನಲ್ಲಿ ‘ಬಿಗಿ’ ಎಂಬ ಪದವನ್ನೇ ಬಳಸಲಿಲ್ಲ. ‘ನೀವು 46 ಎಂದಿರಿ, ಬಂದದ್ದು 43’ ಎಂದಷ್ಟೇ ಬರೆದೆ. ಆ ಶರ್ಟ್ ತಕರಾರಿಲ್ಲದೆ ವಾಪಸ್ ಹೋಯಿತು.

ಚಪ್ಪಲಿ, ಶೂಗಳಿಗೂ ಇದೇ ದಾರಿ. ಒಂದೇ ಜೋಡಿಗೆ ಯುಕೆ, ಯುರೋಪ್, ಅಮೆರಿಕ ಎಂದು ಬೇರೆ ಬೇರೆ ನಂಬರ್ ಇರುತ್ತದೆ. ಬಾಕ್ಸ್ ಮೇಲಿನ ನಂಬರ್ ಮತ್ತು ಶೂ ನಾಲಿಗೆಯ ಒಳಗಿನ ನಂಬರ್ ಎರಡನ್ನೂ ನೋಡಿ. ಎರಡೂ ಬೇರೆಯಾಗಿದ್ದರೆ ಅದೇ ಸಾಕ್ಷಿ.

ಕಸ್ಟಮರ್ ಕೇರ್ ಬಾಗಿಲು ಮುಚ್ಚಿದಾಗ

ಸೀರೆಯ ಕಥೆಗೆ ಬರೋಣ. ಪಿಕಪ್ ರದ್ದಾದ ದಿನವೇ ಅತ್ತಿಗೆ ಸರಿಯಾದ ಕಾರಣ ಕೊಟ್ಟು ಹೊಸ ದೂರು ದಾಖಲಿಸಿ ಟಿಕೆಟ್ ನಂಬರ್ ಪಡೆದರು. ಫೋನಿನಲ್ಲಿ ಎಷ್ಟು ಮಾತಾಡಿದರೂ ನಂಬರ್ ಇಲ್ಲದಿದ್ದರೆ ಅದು ಗಾಳಿಗೆ ಹೇಳಿದಂತೆ. ಪ್ರತಿ ದೂರಿಗೂ ಟಿಕೆಟ್ ನಂಬರ್ ಕೊಡಬೇಕು, ಅದರ ಸ್ಥಿತಿ ನೋಡುವ ವ್ಯವಸ್ಥೆ ಇರಬೇಕು ಎಂಬುದು ಇ-ಕಾಮರ್ಸ್ ನಿಯಮದಲ್ಲೇ ಇದೆ. ಎರಡು ದಿನ ಕಳೆದ ಮೇಲೆ ‘ಫೋಟೋ ಪರಿಶೀಲಿಸಿದ್ದೇವೆ, ವಸ್ತು ಸರಿಯಾಗಿದೆ’ ಎಂಬ ಉತ್ತರ ಬಂತು. ಬಹುಪಾಲು ಜನ ಕೈಚೆಲ್ಲುವುದು ಈ ಹಂತದಲ್ಲೇ.

ಆದರೆ ಕಸ್ಟಮರ್ ಕೇರ್ ಕೊನೆಯ ಬಾಗಿಲಲ್ಲ. ಪ್ರತಿ ಇ-ಕಾಮರ್ಸ್ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು, ಹುದ್ದೆ, ಸಂಪರ್ಕದ ವಿವರವನ್ನು ಪ್ರಕಟಿಸಬೇಕು. ವೆಬ್‌ಸೈಟ್‌ನ ತೀರಾ ಕೆಳಗೆ ಅಥವಾ ಆ್ಯಪ್‌ನ ನಿಯಮ-ನಿಬಂಧನೆ ಪುಟದಲ್ಲಿ ‘ಗ್ರೀವನ್ಸ್ ಆಫೀಸರ್’ ಎಂದು ಹುಡುಕಿದರೆ ಸಿಗುತ್ತದೆ. ಈ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅತ್ತಿಗೆಯ ಪರವಾಗಿ ನಾವು ಕಳಿಸಿದ ಇಮೇಲ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ:

“ಈ ಆರ್ಡರ್‌ನಲ್ಲಿ ನಾನು ಕೊಂಡದ್ದು ಬಾಟಲ್ ಗ್ರೀನ್ ಸೀರೆ. ಬಿಲ್‌ನಲ್ಲಿರುವ ಕೋಡ್ SS214-BTG. ಬಂದ ಸೀರೆಯ ಚೀಟಿಯಲ್ಲಿರುವ ಕೋಡ್ SS214-RMG. ಎರಡರ ಫೋಟೋವನ್ನೂ ಲಗತ್ತಿಸಿದ್ದೇನೆ. ಇದು ಛಾಯೆಯ ವ್ಯತ್ಯಾಸವಲ್ಲ, ಬೇರೆ ವಸ್ತು. ಈ ಸೀರೆಯನ್ನು ನಾನು ಒಪ್ಪಿಕೊಂಡಿಲ್ಲ. ಬಳಸಿಲ್ಲ, ಚೀಟಿ ಹಾಗೇ ಇದೆ, ನೀವು ಯಾವಾಗ ಬೇಕಾದರೂ ತೆಗೆದುಕೊಂಡು ಹೋಗಬಹುದು. 2020ರ ಇ-ಕಾಮರ್ಸ್ ನಿಯಮಗಳ 6ನೇ ನಿಯಮದ ಪ್ರಕಾರ ₹1,849 ವಾಪಸ್ ಕೊಡಿ. ನನ್ನ ಹಿಂದಿನ ಟಿಕೆಟ್ ನಂಬರ್ ಇದು.”

ಕೋಪದ ಮಾತು ಒಂದೂ ಇಲ್ಲ. ಹಬ್ಬ ಕೆಟ್ಟಿತು ಎಂಬ ನೋವೂ ಇಲ್ಲ, ನೋವು ಇದ್ದದ್ದು ನಿಜವಾದರೂ. ಓದುವವರಿಗೆ ಎರಡು ಕೋಡ್ ಮೊದಲು ಕಣ್ಣಿಗೆ ಬೀಳಲಿ ಎಂಬುದಷ್ಟೇ ಉದ್ದೇಶ. ‘ಒಪ್ಪಿಕೊಂಡಿಲ್ಲ’ ಎಂಬ ಪದ ಬೇಕೆಂದೇ ಹಾಕಿದ್ದು. ಸರಕು ಮಾರಾಟ ಕಾಯ್ದೆಯ 43ನೇ ಕಲಂ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಒಪ್ಪದ ವಸ್ತುವನ್ನು ಹೊತ್ತುಕೊಂಡು ಹೋಗಿ ಕೊಡುವ ಹೊಣೆ ಕೊಂಡವರದ್ದಲ್ಲ. ಒಪ್ಪುವುದಿಲ್ಲ ಎಂದು ತಿಳಿಸಿದರೆ ಸಾಕು. ಮಾರುವವರು “ನಿಮ್ಮ ಖರ್ಚಿನಲ್ಲಿ ಕೊರಿಯರ್ ಮಾಡಿ” ಎಂದಾಗ ಈ ಕಲಂ ನೆನಪಿರಲಿ.

ಮರುದಿನವೇ ಸ್ವೀಕೃತಿ ಬಂತು. ನಾಲ್ಕನೇ ದಿನ ಅದೇ ಪಿಕಪ್ ಹುಡುಗ ಬಂದ. ಈ ಸಲ ಅವನ ಮೊಬೈಲ್‌ನಲ್ಲಿ ರಾಮಾ ಗ್ರೀನ್ ಸೀರೆಯ ಫೋಟೋವೇ ಇತ್ತು. ಅದಾದ ನಾಲ್ಕು ದಿನಕ್ಕೆ ಹಣ ಬಂತು. ರಿಟರ್ನ್‌ಗೆ ಇದ್ದ ಏಳು ದಿನ ಅಷ್ಟರಲ್ಲಿ ಮುಗಿದುಹೋಗಿತ್ತು. ಆದರೆ ಮೊದಲ ದೂರು ಆ ಅವಧಿಯೊಳಗೇ ದಾಖಲಾಗಿದ್ದರಿಂದ ಯಾರೂ ಆ ಮಾತೆತ್ತಲಿಲ್ಲ. 6ನೇ ನಿಯಮದಲ್ಲಿ ದಿನದ ಲೆಕ್ಕವೇನೂ ಇಲ್ಲ, ನಿಜ. ಹಾಗೆಂದು ತಡಮಾಡಿದರೆ ನಾವೇ ಒಪ್ಪಿಕೊಂಡಿದ್ದೇವೆ ಎಂದು ಅವರು ವಾದಿಸಬಹುದು. ಅದಕ್ಕೇ ಅದೇ ದಿನ ದೂರು ಹಾಕಿ.

ನಡುವೆ ಒಂದು ಆಮಿಷವೂ ಬಂದಿತ್ತು. “ಸೀರೆ ಇಟ್ಕೊಳ್ಳಿ, ₹200 ವಾಪಸ್ ಕೊಡ್ತೀವಿ.” ಬಣ್ಣ ಹೇಗಿದ್ದರೂ ಪರವಾಗಿಲ್ಲ ಅನ್ನಿಸಿದರೆ ಒಪ್ಪಿಕೊಳ್ಳಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಒಪ್ಪಿದ ಕ್ಷಣವೇ ಟಿಕೆಟ್ ‘ಪರಿಹಾರವಾಗಿದೆ’ ಎಂದು ಮುಚ್ಚಿಹೋಗುತ್ತದೆ, ಆಮೇಲೆ ಪೂರ್ತಿ ಹಣ ಕೇಳಲು ದಾರಿ ಉಳಿಯುವುದು ಕಷ್ಟ.

ಇನ್ನೊಂದು ಅಪಾಯ ಹೇಳಲೇಬೇಕು. ಕ್ಯಾಶ್ ಆನ್ ಡೆಲಿವರಿಯಲ್ಲಿ ಕೊಂಡವರು ರೀಫಂಡ್‌ಗಾಗಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಅಲ್ಲಿ ನಕಲಿ ನಂಬರ್‌ಗಳು ಸಿಗುತ್ತವೆ. ಅವರು ಲಿಂಕ್ ಕಳಿಸಿ ಯುಪಿಐ ಪಿನ್ ಹಾಕಿ ಎನ್ನುತ್ತಾರೆ. ಹಣ ಬರಲು ಪಿನ್ ಬೇಡ, ಹೋಗಲು ಮಾತ್ರ ಬೇಕು. ನಂಬರನ್ನು ಆ್ಯಪ್‌ನ ಒಳಗಿನಿಂದಲೇ ತೆಗೆದುಕೊಳ್ಳಿ. ಹಣ ಹೋಗಿಯೇಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಲ್ಲೂ ಆಗದಿದ್ದರೆ

ಕುಂದುಕೊರತೆ ಅಧಿಕಾರಿಯಿಂದಲೂ ಕೆಲಸ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ನಂಬರ್ 1915. ಕನ್ನಡದಲ್ಲೇ ಮಾತಾಡಬಹುದು. ವೆಬ್‌ಸೈಟ್ consumerhelpline.gov.in. ಇವರಿಗೆ ಆದೇಶ ಕೊಡುವ ಅಧಿಕಾರ ಇಲ್ಲ. ದೂರನ್ನು ಕಂಪನಿಗೆ ಕಳಿಸಿ, ಉತ್ತರ ಕೇಳಿ, ರಾಜಿಗೆ ಪ್ರಯತ್ನಿಸುತ್ತಾರೆ. ದೊಡ್ಡ ಕಂಪನಿಗಳು ಈ ವ್ಯವಸ್ಥೆಯ ಜೊತೆ ನೇರವಾಗಿ ಸೇರಿಕೊಂಡಿವೆ, ಅವರ ವಿಷಯದಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್‌ನಲ್ಲಿ ಹಣ ಕಟ್ಟಿದ್ದರೆ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ಹಣವನ್ನು ವಾಪಸ್ ಕೇಳುವ ದಾರಿಯೂ ಇದೆ. ‘ವಿವರಿಸಿದಂತೆ ವಸ್ತು ಇಲ್ಲ’ ಎಂಬುದು ಕಾರ್ಡ್ ಕಂಪನಿಗಳ ನಿಯಮದಲ್ಲೇ ಇರುವ ಕಾರಣ. ವಾಪಸ್ ಮಾಡಲು ನಾವು ಪ್ರಯತ್ನಿಸಿದ್ದಕ್ಕೆ ಬ್ಯಾಂಕ್ ದಾಖಲೆ ಕೇಳುತ್ತದೆ. ಟಿಕೆಟ್ ನಂಬರ್, ಇಮೇಲ್ ಅಲ್ಲಿಯೂ ಕೆಲಸಕ್ಕೆ ಬರುತ್ತವೆ. ಇದಕ್ಕೆ ಗಡುವು ಇರುತ್ತದೆ, ಆದ್ದರಿಂದ ಬೇಗ ಕೇಳಬೇಕು.

ಕೊನೆಗೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಎರಡು ಸಾವಿರ ರೂಪಾಯಿ ಸೀರೆಗೆ ಕೋರ್ಟಾ ಎಂದು ಕೇಳುವವರಿದ್ದಾರೆ. ಎಲ್ಲರೂ ಹೋಗಲೇಬೇಕು ಎಂದು ನಾನೂ ಹೇಳುವುದಿಲ್ಲ, ಸಮಯ ಹಿಡಿಯುತ್ತದೆ. ಆದರೆ ದಾರಿ ಜನ ಅಂದುಕೊಂಡಷ್ಟು ಕಡಿದಾಗಿಲ್ಲ. ಕೊಟ್ಟ ಬೆಲೆ ₹5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ಮಾರುವವರು ಸೂರತ್‌ನಲ್ಲಿರಲಿ, ದೆಹಲಿಯಲ್ಲಿರಲಿ, ನಾವು ವಾಸ ಮಾಡುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಇದು 2019ರ ಕಾಯ್ದೆ ತಂದ ದೊಡ್ಡ ಅನುಕೂಲ. ತಿಪಟೂರಿನವರಿಗೆ ತುಮಕೂರಿನ ಆಯೋಗ ಸಾಕು. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶ ಇದೆ. ದೂರಿನಲ್ಲಿ ಮಾರಾಟಗಾರ ಮತ್ತು ಆ್ಯಪ್ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಹೆಸರಿಸಿ. “ನಾವು ನಡುವಿನವರು ಅಷ್ಟೇ” ಎಂದು ಆ್ಯಪ್‌ನವರು, “ಆ್ಯಪ್‌ನವರನ್ನೇ ಕೇಳಿ” ಎಂದು ಮಾರಾಟಗಾರರು ಹೇಳಿದಾಗ ಇಬ್ಬರೂ ಆಯೋಗದ ಮುಂದೆಯೇ ಇರಲಿ. ಬೆಲೆಯ ಜೊತೆಗೆ ಓಡಾಟದ ಖರ್ಚು, ಪರಿಹಾರ ಕೇಳಲೂ ಅವಕಾಶ ಇದೆ.

ಇಷ್ಟೆಲ್ಲ ಹಿಡಿತ ಇರುವುದು ಬಿಲ್ ಇರುವ ಕಡೆ. ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸೀರೆ ಮಾರುವವರ ಹತ್ತಿರ ಕೊಂಡಾಗ ರಿಟರ್ನ್ ಬಟನ್ ಇಲ್ಲ, ಟಿಕೆಟ್ ಇಲ್ಲ, ಎಷ್ಟೋ ಸಲ ಬಿಲ್ಲೂ ಇಲ್ಲ. ಅವರಲ್ಲಿ ಪ್ರಾಮಾಣಿಕವಾಗಿ ವ್ಯಾಪಾರ ಮಾಡುವ ಹೆಂಗಸರು ಬೇಕಾದಷ್ಟಿದ್ದಾರೆ, ನಾನೂ ಅವರ ಹತ್ತಿರ ಕೊಳ್ಳುತ್ತೇನೆ. ವ್ಯಾಪಾರವಾಗಿ ಮಾರುವ ಯಾರ ಮೇಲಾದರೂ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಕೆಳಗೆ ದೂರು ಹಾಕಬಹುದು. ಆದರೆ ದೂರು ಯಾರ ಮೇಲೆ, ಯಾವ ವಿಳಾಸಕ್ಕೆ? ಆ ಪ್ರಶ್ನೆಗೆ ಉತ್ತರವನ್ನು ಹಣ ಹಾಕುವ ಮೊದಲೇ ಕೇಳಿಟ್ಟುಕೊಳ್ಳಬೇಕು. ಸ್ಟೋರಿಯಲ್ಲಿ ಹಾಕಿದ ಸೀರೆಯ ಚಿತ್ರ 24 ಗಂಟೆಗೆ ಮಾಯವಾಗುತ್ತದೆ, ಅದನ್ನು ನೋಡಿದಾಗಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಚಾಟ್‌ನಲ್ಲಿ ಆ ಚಿತ್ರವನ್ನೇ ಕಳಿಸಿ, “ಅಕ್ಕ, ಇದೇ ಬಾಟಲ್ ಗ್ರೀನ್ ಅಲ್ವಾ? ಬೇರೆ ಬಣ್ಣ ಬಂದ್ರೆ ವಾಪಸ್ ತಗೋತೀರಾ? ಅಂಗಡಿ ಅಡ್ರೆಸ್ ಕಳ್ಸಿ” ಎಂದು ಬರೆಯಿರಿ. ಅವರು ಹೌದು ಎಂದು ಬರೆದು ವಿಳಾಸ ಕಳಿಸಿದ ಮೇಲೆಯೇ ಹಣ ಹಾಕಿ.